ಮಹಾಸಭೆಯ ನೋಟಿಸು ತಿದ್ದಬೇಕಿದೆ: ನಮ್ಮ ಕೋರಂ 41ಓ, 47ಓ?

ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ವಾರ್ಷಿಕ ಮಹಾಸಭೆಯ ನೋಟಿಸು ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಹಳೆಯ ಪ್ರತಿಯಲ್ಲಿ ದಿನಾಂಕ ಬದಲಿಸಿ ಕಳಿಸಿದರೆ ಸಾಕು ಎನ್ನುತ್ತಾರೆ ಸಮಿತಿಯವರು. ಆದರೆ ಹೋದ ವರ್ಷ ಇದೇ ನೋಟಿಸು ಕೈಯಲ್ಲಿ ಹಿಡಿದುಕೊಂಡು ಸಭೆಯಲ್ಲಿ ಎರಡು ಗುಂಪಿನವರು ಜಗಳ ಆಡಿದ್ದರು. ಆವತ್ತು 44 ಜನ ಬಂದಿದ್ದರು. ಕೋರಂ ಆಯಿತು ಎಂದು ಒಂದು ಗುಂಪು, ಆಗಿಲ್ಲ ಎಂದು ಇನ್ನೊಂದು. ಇಬ್ಬರೂ ನೋಟಿಸಿನ ಅದೇ ಸಾಲನ್ನೇ ಓದಿ ಹೇಳುತ್ತಿದ್ದರು!

ನೋಟಿಸು ಹೀಗಿದೆ:

> ದಿನಾಂಕ 15, ಭಾನುವಾರ ಬೆಳಿಗ್ಗೆ 10 ಗಂಟೆಗೆ ಸಂಘದ ಸಭಾಂಗಣದಲ್ಲಿ ವಾರ್ಷಿಕ ಮಹಾಸಭೆ ನಡೆಯಲಿದೆ.
> 1. ಹಿಂದಿನ ಸಭೆಯ ನಡಾವಳಿ ಓದುವುದು
> 2. ವಾರ್ಷಿಕ ವರದಿ ಮತ್ತು ಲೆಕ್ಕಪತ್ರ
> 3. ಲೆಕ್ಕ ಪರಿಶೋಧಕರ ನೇಮಕ
> 4. ಕಾರ್ಯಕಾರಿ ಸಮಿತಿಯ ಚುನಾವಣೆ
> 5. ವಂತಿಗೆ ಹೆಚ್ಚಳದ ಬಗ್ಗೆ ಚರ್ಚೆ
> 6. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು
>
> ಕೋರಂ: ಸದಸ್ಯರ ನಾಲ್ಕನೇ ಒಂದು ಭಾಗ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆಯ ನಂತರ ಸಭೆ ಮುಂದುವರಿಯುವುದು.
> ಮತದಾನ: ಸಾಮಾನ್ಯ ವಿಷಯಗಳಿಗೆ ಶೇ. 51, ಮುಖ್ಯ ವಿಷಯಗಳಿಗೆ ಹಾಜರಿದ್ದವರ ಶೇ. 66. ಅಗತ್ಯವಿದ್ದರೆ ಗುಪ್ತ ಮತದಾನ.

ಪುಸ್ತಕದಲ್ಲಿ ಒಟ್ಟು 187 ಸದಸ್ಯರಿದ್ದಾರೆ. ಅವರಲ್ಲಿ 23 ಜನ ವಂತಿಗೆ ಬಾಕಿ ಉಳಿಸಿಕೊಂಡಿದ್ದಾರೆ. ಬಾಕಿದಾರರಿಗೆ ಮತದ ಹಕ್ಕಿಲ್ಲ. ಕಳಿಸುವ ದಿನ 1ನೇ ತಾರೀಖು ಎಂದುಕೊಂಡಿದ್ದೇವೆ. ಎಲ್ಲೆಲ್ಲಿ ತಿದ್ದಬೇಕು, ಹೇಳಿ.

ಗಡಿಬಿಡಿ

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಕೋರಂ ಇಲ್ಲ ಅಂದರೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಆಮೇಲೆ ಎಷ್ಟು ಜನ ಇದ್ದರೂ ಅದೇ ಕೋರಂ. ಹತ್ತು ಜನ ಇದ್ದರೂ ಏನು ಬೇಕಾದರೂ ಪಾಸ್ ಮಾಡಬಹುದು. ಎಲ್ಲಾ ಕಡೆ ನಡೆಯುವುದು ಹೀಗೇ. ಆ ಸಾಲು ನೋಟಿಸಿನಲ್ಲಿ ಇದೆಯಲ್ಲ, ಸಾಕು.

ಮೂಲೆಮನೆ

ನಮ್ಮಲ್ಲಿ 11 ಜನ ಇದ್ದೇವೆ, 6 ಜನ ಬಂದರೆ ಸಭೆ ಶುರು. ಯಾವತ್ತೂ ತಕರಾರು ಬಂದಿಲ್ಲ. ನೀವು ಯಾಕೆ ನಾಲ್ಕನೇ ಒಂದು ಭಾಗ ಇಟ್ಟುಕೊಂಡಿದ್ದೀರಿ? ಅರ್ಧಕ್ಕಿಂತ ಜಾಸ್ತಿ ಅಂತ ಮಾಡಿಬಿಡಿ.

ಚುಕ್ಕಿ ಗೆರೆ

@ಮೂಲೆಮನೆ, ನೀವು ಹೇಳುತ್ತಿರುವುದು ಕಾರ್ಯಕಾರಿ ಸಮಿತಿಯ ಸಭೆ ಅಲ್ವಾ? ಇಲ್ಲಿ ಕೇಳಿರುವುದು ಎಲ್ಲ ಸದಸ್ಯರ ಮಹಾಸಭೆ. 187 ಜನರಲ್ಲಿ 94 ಜನ ಪ್ರತಿ ವರ್ಷ ಬರಬೇಕು ಅಂದರೆ ಇವರ ಸಭೆ ನಡೆಯುವುದೇ ಇಲ್ಲ.

ಮೂಲೆಮನೆ

ಓಹೋ, ಹೌದು. ನಾನು ಸಮಿತಿ ಅಂದುಕೊಂಡೆ.

ಹಳೇ ದಫ್ತರ

ನೋಟಿಸು ತಿದ್ದುವ ಮೊದಲು ನಿಮ್ಮ ಬೈಲಾ ನೋಡಬೇಕು. ನೋಟಿಸಿಗೆ ಸ್ವಂತ ಅಧಿಕಾರ ಇಲ್ಲ. ಬೈಲಾದಲ್ಲಿರುವ ಕೋರಂ ಅನ್ನು ನೋಟಿಸಿನಲ್ಲಿ ಹೆಚ್ಚಿಸಲೂ ಆಗುವುದಿಲ್ಲ, ಇಳಿಸಲೂ ಆಗುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಇದ್ದರೆ ಬೈಲಾ ಹೇಳಿದ್ದೇ ನಡೆಯುತ್ತದೆ, ನೋಟಿಸು ಬರೆದವರು ಬೈಸಿಕೊಳ್ಳುತ್ತಾರೆ. ಹಾಗಾಗಿ ಕೋರಂ, ಮುಂದೂಡುವುದು, ಮತ, ವಂತಿಗೆ, ನೋಟಿಸಿನ ಅವಧಿ ಇಷ್ಟರ ಬಗ್ಗೆ ನಿಮ್ಮ ಬೈಲಾದಲ್ಲಿ ಏನಿದೆಯೋ ಅದನ್ನು ಅಕ್ಷರಶಃ ಇಲ್ಲಿ ಹಾಕಿ. ನೆನಪಿನಿಂದ ಬರೆಯಬೇಡಿ, ಪುಸ್ತಕ ನೋಡಿ ಹಾಕಿ. ನೋಂದಣಿ ಕಾಯ್ದೆಯಲ್ಲಿ ಬೇರೆ ಏನಾದರೂ ಇದ್ದರೆ ಅದು ಬೈಲಾಗಿಂತಲೂ ಮೇಲೆ, ಅದನ್ನೂ ಒಮ್ಮೆ ನೋಡಿಟ್ಟುಕೊಳ್ಳಿ.

ಹೊಸ ಕಾರ್ಯದರ್ಶಿ

ಪುಸ್ತಕ ನೋಡಿಯೇ ಹಾಕುತ್ತಿದ್ದೇನೆ ಸರ್.

> ಮಹಾಸಭೆಯ ನೋಟಿಸನ್ನು 14 ಪೂರ್ಣ ದಿನಗಳ ಮುಂಚಿತವಾಗಿ ಕಳಿಸತಕ್ಕದ್ದು.
> ಮಹಾಸಭೆಯ ಕೋರಂ ಸದಸ್ಯರ ನಾಲ್ಕನೇ ಒಂದು ಭಾಗ. ನಿಗದಿತ ಸಮಯದಿಂದ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆಯನ್ನು ಮುಂದೂಡಿ, ಅದೇ ಕಾರ್ಯಸೂಚಿಯ ಮೇಲೆ ಹಾಜರಿರುವ ಸದಸ್ಯರಿಂದ ನಡೆಸಬಹುದು. ಬೈಲಾ ತಿದ್ದುಪಡಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.
> ವಂತಿಗೆ ಬಾಕಿ ಇರುವ ಸದಸ್ಯರು ಮತ ಚಲಾಯಿಸುವಂತಿಲ್ಲ.
> ಬೈಲಾ ತಿದ್ದುಪಡಿಗೆ ಹಾಜರಿದ್ದು ಮತ ಚಲಾಯಿಸಿದವರ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು. ಉಳಿದ ವಿಷಯಗಳಿಗೆ ಸರಳ ಬಹುಮತ.

ವಂತಿಗೆಯ ಮೊತ್ತ ಬೈಲಾದಲ್ಲೇ ಅಂಕಿಯಲ್ಲಿ ಬರೆದಿದೆ. ಅದನ್ನು ಶೇ. 20ರಷ್ಟು ಏರಿಸಬೇಕು ಅನ್ನುವುದು ಸಮಿತಿಯ ಪ್ರಸ್ತಾಪ.

ಹಳೇ ದಫ್ತರ

ಮೊತ್ತ ಬೈಲಾದಲ್ಲೇ ಇದೆ ಅಂದಿರಲ್ಲ, ಈ ನೋಟಿಸಿನ ದೊಡ್ಡ ತೊಂದರೆ ಅಲ್ಲೇ ಇದೆ.

ಮೊತ್ತ ಬೈಲಾದ ಒಳಗೆ ಬರೆದಿದ್ದರೆ ವಂತಿಗೆ ಏರಿಸುವುದು ಅಂದರೆ ಬೈಲಾ ತಿದ್ದುವುದು. ನಿಮ್ಮ 5ನೇ ವಿಷಯ ಸಾಮಾನ್ಯ ವಿಷಯ ಅಲ್ಲವೇ ಅಲ್ಲ. ಅದಕ್ಕೆ ಸರಳ ಬಹುಮತ ಸಾಲದು, ಮೂರನೇ ಎರಡು ಭಾಗ ಬೇಕು. ಅರ್ಧ ಗಂಟೆಯ ವಿನಾಯಿತಿಯೂ ಅದಕ್ಕೆ ಸಿಗುವುದಿಲ್ಲ. @ಗಡಿಬಿಡಿ ಅವರು ಹೇಳಿದ್ದು ಅರ್ಧ ನಿಜ. ನಡಾವಳಿ, ಲೆಕ್ಕಪತ್ರ, ಪರಿಶೋಧಕರು, ಚುನಾವಣೆ ಇಷ್ಟನ್ನೂ ಮುಂದೂಡಿದ ಸಭೆಯಲ್ಲಿ ಮುಗಿಸಬಹುದು. ವಂತಿಗೆಯನ್ನು ಮುಟ್ಟುವ ಹಾಗಿಲ್ಲ. ಹತ್ತು ಜನ ಕೂತು ಅದನ್ನು ಪಾಸ್ ಮಾಡಿದರೆ ಮೊದಲ ಆಕ್ಷೇಪಣೆಗೇ ಬಿದ್ದುಹೋಗುತ್ತದೆ. ಆ ಹೊತ್ತಿಗೆ ಹೊಸ ದರದಲ್ಲಿ ವಸೂಲಿ ಶುರುವಾಗಿದ್ದರೆ ವಾಪಸು ಕೊಡುವ ತಲೆನೋವು ಬೇರೆ.

ಇನ್ನೊಂದು. ನಿಮ್ಮ ಬೈಲಾದಲ್ಲಿ ಈ ವಿನಾಯಿತಿ ಇರುವುದರಿಂದ ಅದು ನಡೆಯುತ್ತದೆ. ಬೈಲಾದಲ್ಲಿ ಇಲ್ಲದೆ ಬರೀ ನೋಟಿಸಿನಲ್ಲಿ ಬರೆದುಕೊಂಡರೆ ಆಗುವುದಿಲ್ಲ.

ಗಡಿಬಿಡಿ

ಸರಿ, ತಿದ್ದುಪಡಿಗೆ ಬೇರೆ ಅಂತ ಬೈಲಾದಲ್ಲಿ ಇದೆ ಅಂದಮೇಲೆ ಒಪ್ಪಿದೆ. ಆದರೆ ನೋಟಿಸಿನಲ್ಲಿ "ಚರ್ಚೆ" ಅಂತ ಇದೆಯಲ್ಲ, ಚರ್ಚೆ ಮಾಡಿ ಅಲ್ಲೇ ತೀರ್ಮಾನ ಮಾಡಿದರೆ ಆಯಿತು.

ಹಳೇ ದಫ್ತರ

ಅದೂ ಆಗುವುದಿಲ್ಲ. "ವಂತಿಗೆ ಹೆಚ್ಚಳದ ಬಗ್ಗೆ ಚರ್ಚೆ" ಎಂದು ಓದಿದವರು ಏನು ತಿಳಿಯುತ್ತಾರೆ? ಮಾತಾಡುತ್ತಾರೆ, ತೀರ್ಮಾನ ಮುಂದೆ ಯಾವಾಗಲೋ. ಬರಬೇಕೋ ಬೇಡವೋ ಎಂದು ಸದಸ್ಯರು ನಿರ್ಧರಿಸುವುದು ಈ ಸಾಲನ್ನು ನೋಡಿಯೇ. ಬರದವರ ಹಣದ ಮೇಲೆ ಬಂದವರು ತೀರ್ಮಾನ ಮಾಡಬೇಕಾದರೆ, ತೀರ್ಮಾನ ಆಗಲಿದೆ ಎಂದು ಮೊದಲೇ ಹೇಳಿರಬೇಕು. ಹಾಗಾಗಿ ಆ ಸಾಲಿನಲ್ಲಿ ಠರಾವನ್ನೇ ಬರೆಯಿರಿ. ಹೀಗೆ:

> 4. ಬೈಲಾ ತಿದ್ದುಪಡಿ (ಮತಕ್ಕೆ): ವಾರ್ಷಿಕ ವಂತಿಗೆಯ ಮೊತ್ತವನ್ನು ಈಗಿರುವುದಕ್ಕಿಂತ ಶೇ. 20ರಷ್ಟು ಹೆಚ್ಚಿಸಿ, ಮುಂದಿನ ಲೆಕ್ಕದ ವರ್ಷದ ಮೊದಲ ದಿನದಿಂದ ಜಾರಿಗೆ ತರುವುದು. ಈಗಿನ ನಿಯಮ ಮತ್ತು ತಿದ್ದಿದ ನಿಯಮ ಎರಡನ್ನೂ ಈ ನೋಟಿಸಿನ ಹಿಂಬದಿಯಲ್ಲಿ ಅಕ್ಕಪಕ್ಕ ಕೊಡಲಾಗಿದೆ.

ಅಕ್ಕಪಕ್ಕ ಕೊಡುವಾಗ ಹೊಸ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಶೇಕಡಾ ಮಾತ್ರ ಕೊಟ್ಟರೆ ಪೂರ್ಣಾಂಕ ಮಾಡುವಾಗ ಮತ್ತೆ ಜಗಳ.

ಕ್ರಮಸಂಖ್ಯೆ 4 ಎಂದು ಹಾಕಿದ್ದನ್ನು ಗಮನಿಸಿ. ಚುನಾವಣೆಗಿಂತ ಮುಂದಕ್ಕೆ ತಂದಿದ್ದೇನೆ. ಚುನಾವಣೆ ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ, ಇದು ನೀವೂ ನೋಡಿರುತ್ತೀರಿ. ತಿದ್ದುಪಡಿಗೆ ಮತ ಹಾಕುವ ಹೊತ್ತಿನಲ್ಲಿ ಕೋರಂ ಇರಬೇಕು. ಬೆಳಿಗ್ಗೆ ಸಹಿ ಹಾಕಿ ಹೋದವರು ಆಗ ಲೆಕ್ಕಕ್ಕೆ ಬರುವುದಿಲ್ಲ.

ನೀಲಿ ಛತ್ರಿ

"ಇತರ ವಿಷಯಗಳು" ಬಗ್ಗೆ ಯಾರೂ ಏನೂ ಹೇಳಲಿಲ್ಲ, ನನ್ನ ಕಥೆ ಕೇಳಿ. ನಾನು ಸದಸ್ಯಳಾಗಿದ್ದ ಒಂದು ಸಂಘದಲ್ಲಿ ಸಭೆ ಮುಗಿಯುವ ಹೊತ್ತಿಗೆ, ಅರ್ಧ ಜನ ಹೊರಟ ಮೇಲೆ, ಇತರ ವಿಷಯಗಳ ಅಡಿಯಲ್ಲಿ ಸಂಘದ ಉಳಿತಾಯದ ಹಣದಿಂದ ಹೊಸ ಕಟ್ಟಡಕ್ಕೆ ಮುಂಗಡ ಕೊಡುವ ತೀರ್ಮಾನ ಆಯಿತು. ಮರುದಿನ ನಮಗೆಲ್ಲ ಗೊತ್ತಾಗಿದ್ದು ನಡಾವಳಿ ನೋಡಿ. ಆಮೇಲೆ ಪತ್ರ, ಪ್ರತಿ ಪತ್ರ, ಕೊನೆಗೆ ವಿಶೇಷ ಮಹಾಸಭೆ ಕರೆದು ಮತ್ತೆ ಮೊದಲಿನಿಂದ. ಮುಂಗಡ ತೆಗೆದುಕೊಂಡವರು ಅಷ್ಟು ಹೊತ್ತಿಗೆ ಅರ್ಧ ಖರ್ಚು ಮಾಡಿದ್ದರು. ಇತರ ವಿಷಯಗಳು ಅನ್ನುವ ಸಾಲನ್ನೇ ತೆಗೆದುಹಾಕಿ ಅನ್ನುತ್ತೇನೆ ನಾನು.

ಚುಕ್ಕಿ ಗೆರೆ

ಪೂರ್ತಿ ತೆಗೆದರೆ ಸದಸ್ಯರಿಗೆ ಬಾಯಿ ಬಿಡಲು ಜಾಗವೇ ಇರುವುದಿಲ್ಲ. ವರ್ಷಕ್ಕೊಮ್ಮೆ ಸಿಗುವ ಸಭೆ. ಉಳಿಸಿ, ಆದರೆ ಬೇಲಿ ಹಾಕಿ: "ಸದಸ್ಯರ ಪ್ರಶ್ನೆ ಮತ್ತು ಸಲಹೆಗಳು. ಇಲ್ಲಿ ಯಾವ ಠರಾವನ್ನೂ ಮತಕ್ಕೆ ಹಾಕುವುದಿಲ್ಲ." ಠರಾವು ತರಬೇಕು ಅನ್ನುವವರಿಗೆ ಒಂದು ಕೊನೆಯ ದಿನ ಕೊಟ್ಟು ನೋಟಿಸಿಗೆ ಮೊದಲೇ ಕೇಳಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಹೊಸ ಕಾರ್ಯದರ್ಶಿ

ಇದು ಚೆನ್ನಾಗಿದೆ, ಹಾಗೇ ಹಾಕುತ್ತೇನೆ. ಈಗ ನನ್ನ ಮುಖ್ಯ ಪ್ರಶ್ನೆ. ಕೋರಂ ಎಷ್ಟು? 187ರ ಕಾಲು ಭಾಗ 46.75. ಬಾಕಿದಾರರನ್ನು ಬಿಟ್ಟರೆ ಉಳಿಯುವವರು 164, ಅದರ ಕಾಲು ಭಾಗ 41. ಹೋದ ವರ್ಷ 44 ಜನ ಇದ್ದಾಗ ಜಗಳ ಆಗಿದ್ದು ಇದಕ್ಕೇ.

ಹಳೇ ದಫ್ತರ

ನಿಮ್ಮ ಬೈಲಾ "ಸದಸ್ಯರ ನಾಲ್ಕನೇ ಒಂದು ಭಾಗ" ಎನ್ನುತ್ತದೆ. ಬಾಕಿ ಇದ್ದವರು "ಮತ ಚಲಾಯಿಸುವಂತಿಲ್ಲ" ಎನ್ನುತ್ತದೆ. ಸದಸ್ಯತ್ವ ಹೋಯಿತು ಎಂದು ಎಲ್ಲೂ ಹೇಳಿಲ್ಲ. ಅಂದರೆ ಆ 23 ಜನ ಈಗಲೂ ಸದಸ್ಯರೇ. ಹಾಗಾಗಿ ಕಾಲು ಭಾಗವನ್ನು 187ರ ಮೇಲೆ ತೆಗೆಯಬೇಕು. 46.75 ಜನ ಅಂತ ಯಾರೂ ಬರುವುದಿಲ್ಲ. 46 ಜನ ಬಂದರೆ ಕಾಲು ಭಾಗ ತುಂಬಲಿಲ್ಲ, ಆದ್ದರಿಂದ ಮೇಲಕ್ಕೆ ಹೋಗಬೇಕು: 47. ಕೋರಂನಲ್ಲಿ ಭಿನ್ನರಾಶಿ ಬಂದರೆ ಹತ್ತಿರದ ಅಂಕಿ ನೋಡುವುದಲ್ಲ, ಯಾವಾಗಲೂ ಮೇಲಿನ ಅಂಕಿ. 46.25 ಆಗಿದ್ದರೂ 47 ಅನ್ನುತ್ತಿದ್ದೆ.

ಭಾಗಾಕಾರವನ್ನು ಸಭೆಯ ದಿನಕ್ಕೆ ಬಿಡಬೇಡಿ. ನೋಟಿಸಿನಲ್ಲೇ ಅಂಕಿ ಬರೆಯಿರಿ, ಅಂಕಿ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಿರಿ: "ನೋಟಿಸಿನ ದಿನ ಸದಸ್ಯರ ಪುಸ್ತಕದಲ್ಲಿರುವ 187 ಸದಸ್ಯರ ನಾಲ್ಕನೇ ಒಂದು ಭಾಗ, ಅಂದರೆ 47 ಸದಸ್ಯರು."

ಚುಕ್ಕಿ ಗೆರೆ

47 ಒಪ್ಪಿದೆ. ಆದರೆ ಆ 47ರಲ್ಲಿ ಬಾಕಿದಾರರು ಸೇರುತ್ತಾರೋ ಇಲ್ಲವೋ? ಪ್ರಶ್ನೆ ಅರ್ಧ ಮಾತ್ರ ಬಗೆಹರಿಯಿತು. 42 ಜನ ಮತದಾರರು, 5 ಜನ ಬಾಕಿದಾರರು ಬಂದರು ಅಂದುಕೊಳ್ಳಿ. ಕೋರಂ ಆಯಿತಾ?

ಹಳೇ ದಫ್ತರ

ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಮತ ಹಾಕಲು ಆಗದವರನ್ನು ಕೋರಂಗೆ ಹಿಡಿಯಬಾರದು. ಕೋರಂ ಇರುವುದು ತೀರ್ಮಾನ ಮಾಡಲು ಸಾಕಷ್ಟು ಜನ ಇದ್ದಾರೋ ಇಲ್ಲವೋ ನೋಡಲಿಕ್ಕೆ. ಮತ ಇಲ್ಲದವರಿಂದ ತೀರ್ಮಾನ ಆಗುವುದಿಲ್ಲ. ಮತದ ಹಕ್ಕುಳ್ಳ 47 ಜನ ಬಂದುಬಿಟ್ಟರೆ ಯಾವ ರೀತಿ ಓದಿದರೂ ಕೋರಂ ಆಗಿರುತ್ತದೆ. ಸುರಕ್ಷಿತ ದಾರಿ ಅದು.

ಚುಕ್ಕಿ ಗೆರೆ

ಇಲ್ಲಿ ನಾನು ಒಪ್ಪುವುದಿಲ್ಲ ಸರ್. ಮೇಲೆ ಎಣಿಸುವಾಗ ಬಾಕಿದಾರರನ್ನು ಸೇರಿಸಿ 187 ಮಾಡಿದಿರಿ. ಕೆಳಗೆ ತಲೆ ಎಣಿಸುವಾಗ ಅವರನ್ನು ಬಿಟ್ಟಿರಿ. ಒಂದೇ ಸಾಲಿನ ಒಂದೇ ಪದಕ್ಕೆ ಎರಡು ಅಳತೆ! ಸದಸ್ಯರು ಅಂದರೆ 187 ಜನ ಎಂದಾದರೆ ಬಂದು ಕೂತ ಬಾಕಿದಾರರೂ ಸದಸ್ಯರೇ, ಕೋರಂಗೆ ಸೇರಬೇಕು. ಮತದಾರರು ಮಾತ್ರ ಎಂದಾದರೆ 164ರ ಕಾಲು ಭಾಗ 41 ಸಾಕು. ಮತದ ಹಕ್ಕುಳ್ಳ 47 ಜನ ಬೇಕೇ ಬೇಕು ಎಂದು ನೋಟಿಸಿನಲ್ಲಿ ಬರೆದರೆ ಬೈಲಾ ಕೇಳಿದ್ದಕ್ಕಿಂತ ಜಾಸ್ತಿ ಕೇಳಿದ ಹಾಗೆ. ಹಾಗೆ ಮಾಡುವಂತಿಲ್ಲ ಎಂದು ನೀವೇ ಮೇಲೆ ಹೇಳಿದ್ದೀರಿ.

ಹಳೇ ದಫ್ತರ

ಮಾತು ಸರಿ ಇದೆ. ನೋಟಿಸಿನಲ್ಲಿ "ಮತದ ಹಕ್ಕುಳ್ಳ" ಎಂದು ಸೇರಿಸುವುದು ಬೇಡ ಹಾಗಾದರೆ. "47 ಸದಸ್ಯರು" ಎಂದಷ್ಟೇ ಇರಲಿ. ಆದರೆ ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಎರಡು ಕಾಲಂ ಮಾಡಿ: ಒಂದರಲ್ಲಿ ಮತದಾರರು, ಇನ್ನೊಂದರಲ್ಲಿ ಬಾಕಿ ಇರುವ ಸದಸ್ಯರು. ಸಭೆ ಶುರುವಾಗುವಾಗ ಎರಡೂ ಮೊತ್ತವನ್ನು ಗಟ್ಟಿಯಾಗಿ ಓದಿ ನಡಾವಳಿಯಲ್ಲಿ ಬರೆಯಿಸಿ. ಮತದಾರರೇ 47 ಇದ್ದರೆ ಪ್ರಶ್ನೆಯೇ ಇಲ್ಲ. ಇಲ್ಲದಿದ್ದರೆ, ಎರಡೂ ಸೇರಿ 47 ಆಗುತ್ತಿದ್ದರೆ, ಕೋರಂ ಆಯಿತೋ ಇಲ್ಲವೋ ಎಂದು ಸಭಾಧ್ಯಕ್ಷರು ತೀರ್ಪು ಕೊಡಬೇಕು, ಅದೂ ನಡಾವಳಿಗೆ ಹೋಗಬೇಕು. ನಾನು ಅಧ್ಯಕ್ಷನಾಗಿದ್ದರೆ ಅಂಥ ಸಭೆಯಲ್ಲಿ ವಂತಿಗೆಯ ವಿಷಯ ತೆಗೆದುಕೊಳ್ಳುತ್ತಿರಲಿಲ್ಲ.

ಚುಕ್ಕಿ ಗೆರೆ

ನಾನು ತೆಗೆದುಕೊಳ್ಳುತ್ತಿದ್ದೆ. ಆದರೆ ಎರಡು ಕಾಲಂ ಒಳ್ಳೆಯ ಉಪಾಯ.

ನೀಲಿ ಛತ್ರಿ

ಬಾಕಿ ಇರುವವರು ಸಭೆಯ ದಿನ ಬೆಳಿಗ್ಗೆ ಬಂದು ಕಟ್ಟಿಬಿಟ್ಟರೆ? ನಮ್ಮಲ್ಲಿ ಹಾಗೆ ಆಗಿತ್ತು. ಚುನಾವಣೆಗೆ ನಿಂತ ಒಬ್ಬರು ತಮ್ಮ ಕಡೆಯವರ ಬಾಕಿಯನ್ನೆಲ್ಲ ತಾವೇ ಕಟ್ಟಿ ಕರೆದುಕೊಂಡು ಬಂದಿದ್ದರು.

ಹಳೇ ದಫ್ತರ

ಬೈಲಾದಲ್ಲಿ ಕೊನೆಯ ದಿನ ಕೊಟ್ಟಿಲ್ಲದಿದ್ದರೆ ಮತ ಹಾಕುವ ಹೊತ್ತಿಗೆ ಬಾಕಿ ಇಲ್ಲದವರಿಗೆ ಮತ ಇದೆ ಎಂದೇ ಓದಬೇಕು. ತಡೆಯಲು ಆಗುವುದಿಲ್ಲ. ನೋಟಿಸಿನಲ್ಲಿ ಮಾಡಬಹುದಾದ್ದು ಇಷ್ಟು: ಬಾಕಿ ಕಟ್ಟಲು ಕೌಂಟರ್ ಬೆಳಿಗ್ಗೆ 9ರಿಂದ 9:45ರವರೆಗೆ ಎಂದು ಹಾಕಿ, ಮತದಾರರ ಪಟ್ಟಿಯನ್ನು ಎಲ್ಲಿ ನೋಡಬಹುದು ಎಂದೂ ಹಾಕಿ. ಯಾರಾದರೂ ಆಮೇಲೆ ಬಂದು ಕಟ್ಟುತ್ತೇನೆ ಎಂದರೆ ಕಟ್ಟಿಸಿಕೊಂಡು ಪಟ್ಟಿಗೆ ಸೇರಿಸಿ, ಜಗಳ ಬೇಡ.

ಹೊಸ ಕಾರ್ಯದರ್ಶಿ

ಮತದಾನದ ಸಾಲು ಉಳಿದಿದೆ. "ಹಾಜರಿದ್ದವರ ಶೇ. 66" ಅನ್ನುವುದೂ "ಹಾಜರಿದ್ದು ಮತ ಚಲಾಯಿಸಿದವರ ಮೂರನೇ ಎರಡು ಭಾಗ" ಅನ್ನುವುದೂ ಒಂದೇ ಅಂದುಕೊಂಡೆವು ನಾವು. ವ್ಯತ್ಯಾಸ ಅಷ್ಟಿದೆಯಾ?

ಹಳೇ ದಫ್ತರ

ತುಂಬಾ ಇದೆ. ಒಂದು ಲೆಕ್ಕ ಹಾಕಿ ನೋಡೋಣ. ಮತದಾರರು 60 ಜನ ಇದ್ದಾರೆ. ವಂತಿಗೆ ಏರಿಕೆಗೆ 36 ಜನ ಪರ, 14 ಜನ ವಿರುದ್ಧ, 10 ಜನ ಸುಮ್ಮನೆ ಕೂತರು.

ನಿಮ್ಮ ಹಳೆಯ ನೋಟಿಸಿನ ಪ್ರಕಾರ "ಹಾಜರಿದ್ದವರ" ಲೆಕ್ಕ, ಅಂದರೆ 60. ಅದರ ಶೇ. 66 ಅಂದರೆ 39.6, ಹಾಗಾಗಿ 40 ಬೇಕು. ಪರ ಇರುವುದು 36. ಠರಾವು ಬಿತ್ತು. ಬೈಲಾದ ಪ್ರಕಾರ ಮತ ಹಾಕಿದವರು 50. ಅದರ ಮೂರನೇ ಎರಡು ಭಾಗ 33.33, ಅಂದರೆ 34 ಬೇಕು. 36 ಇದೆ. ಠರಾವು ಪಾಸ್. ಅದೇ ಸಭೆ, ಅದೇ ಕೈಗಳು, ಎರಡು ಫಲಿತಾಂಶ.

ತಟಸ್ಥರಾಗಿ ಕೂತವರು ಮೊದಲ ಲೆಕ್ಕದಲ್ಲಿ ವಿರೋಧ ಮಾಡಿದ ಹಾಗೆ ಆಗುತ್ತದೆ. ಎರಡನೆಯದರಲ್ಲಿ ಅವರು ಲೆಕ್ಕದಿಂದಲೇ ಹೊರಗೆ. ವಿಶ್ವಸಂಸ್ಥೆಯ ಮಹಾಸಭೆಯ ನಿಯಮಗಳಲ್ಲೂ ಇದಕ್ಕೆ ಒಂದು ಪ್ರತ್ಯೇಕ ನಿಯಮವೇ ಇದೆ, 86ನೆಯದು. ಹಾಜರಿದ್ದು ಮತ ಚಲಾಯಿಸುವವರು ಅಂದರೆ ಪರ ಅಥವಾ ವಿರುದ್ಧ ಮತ ಹಾಕಿದವರು ಮಾತ್ರ, ತಟಸ್ಥರನ್ನು ಮತ ಹಾಕಿಲ್ಲ ಎಂದೇ ತಿಳಿಯಬೇಕು ಎನ್ನುತ್ತದೆ ಅದು. ಅಷ್ಟು ದೊಡ್ಡ ಕಡೆಯೇ ಬಿಡಿಸಿ ಬರೆದುಕೊಂಡಿದ್ದಾರೆ, ನಾವೂ ಒಂದು ಸಾಲು ಬರೆದರೆ ತಪ್ಪೇನಿಲ್ಲ.

ಕೋರಂ ಮಾತ್ರ ಬೇರೆ. ಆ 10 ಜನ ಅಲ್ಲಿ ಕೂತಿದ್ದಾರೆ, ಹಾಗಾಗಿ ಕೋರಂಗೆ ಸೇರುತ್ತಾರೆ. ಮತದ ಲೆಕ್ಕಕ್ಕೆ ಮಾತ್ರ ಇಲ್ಲ.

ಚುಕ್ಕಿ ಗೆರೆ

ಶೇಕಡಾ ಬರೆಯುವುದನ್ನೂ ಬಿಡಿ. ಇದೇ 50 ಮತಗಳಲ್ಲಿ 33 ಪರ ಬಂದರೆ ಸರಿಯಾಗಿ ಶೇ. 66 ಆಯಿತು. ನೋಟಿಸು ನೋಡಿದವರು ಪಾಸ್ ಅನ್ನುತ್ತಾರೆ. ಆದರೆ ಮೂರನೇ ಎರಡು ಭಾಗಕ್ಕೆ 34 ಬೇಕು, ಬೈಲಾ ನೋಡಿದವರು ಬಿತ್ತು ಅನ್ನುತ್ತಾರೆ. ಶೇ. 51 ಅನ್ನುವುದೂ ಹಾಗೇ. ಒಟ್ಟು 101 ಮತಗಳಲ್ಲಿ 51 ಬಂದರೆ ಅರ್ಧಕ್ಕಿಂತ ಜಾಸ್ತಿ ಆಯಿತು, ಬಹುಮತ ಬಂತು. ಆದರೆ ಅದು ಶೇ. 51 ಅಲ್ಲ, ಸುಮಾರು ಶೇ. 50.5 ಅಷ್ಟೇ. "ಪರ ಮತಗಳು ವಿರುದ್ಧ ಮತಗಳಿಗಿಂತ ಹೆಚ್ಚಿದ್ದರೆ ಪಾಸ್" ಎಂದು ಬರೆದರೆ ಭಾಗಾಕಾರವೇ ಬೇಡ. ತಿದ್ದುಪಡಿಗೂ ಹಾಗೇ ಬರೆಯಬಹುದು: "ಪರ ಮತಗಳು ವಿರುದ್ಧ ಮತಗಳ ಎರಡರಷ್ಟಾದರೂ ಇರಬೇಕು." 14 ವಿರುದ್ಧ ಇದ್ದರೆ ಪರ 28 ಸಾಕು. ಕೂಡುವುದು ಕಳೆಯುವುದು ಬಂದರೆ ಯಾರು ಬೇಕಾದರೂ ಎಣಿಸಬಹುದು.

ಗಡಿಬಿಡಿ

ಒಂದ್ನಿಮಿಷ. ಮೊದಲು 34 ಬೇಕು ಅಂದಿರಿ. ಈಗ 28 ಸಾಕು ಅಂದರೆ ಹೇಗೆ?

ಚುಕ್ಕಿ ಗೆರೆ

34 ಅನ್ನುವುದು ಒಟ್ಟು 50 ಮತ ಬಿದ್ದಾಗ. 34 ಪರ ಬಂದರೆ ವಿರುದ್ಧ 16, ಎರಡರಷ್ಟಕ್ಕಿಂತ ಜಾಸ್ತಿ. 33 ಬಂದರೆ ವಿರುದ್ಧ 17, ಅದರ ಎರಡರಷ್ಟು 34, ಸಾಲಲಿಲ್ಲ. 28 ಅಂದಿದ್ದು ವಿರುದ್ಧ 14 ಮಾತ್ರ ಇದ್ದಾಗ. ಆಗ ಒಟ್ಟು ಮತ 42, ಅದರ ಮೂರನೇ ಎರಡು ಭಾಗ 28. ಎರಡೂ ಒಂದೇ ನಿಯಮ.

ಗಡಿಬಿಡಿ

ಸರಿ ಸರಿ, ಕೂತು ಬರೆದು ನೋಡಿದೆ. ಹೊಂದುತ್ತದೆ.

ನೀಲಿ ಛತ್ರಿ

ಸಭೆಯಲ್ಲಿ ಯಾರಾದರೂ ಎದ್ದು "20 ಯಾಕೆ, 30 ಮಾಡಿ" ಅಂದರೆ? ಇನ್ನೊಬ್ಬರು 10 ಸಾಕು ಅಂದರೆ?

ಹಳೇ ದಫ್ತರ

10 ಅಥವಾ 15 ಆದರೆ ತೆಗೆದುಕೊಳ್ಳಬಹುದು, 30 ಆಗದು. ನೋಟಿಸಿನಲ್ಲಿ ಹೇಳಿದ್ದು ಈಗಿರುವ ಮೊತ್ತದಿಂದ ಶೇ. 20ರವರೆಗೆ. ಅದರ ನಡುವೆ ಎಲ್ಲಿ ನಿಂತರೂ ಮನೆಯಲ್ಲಿ ಕೂತ ಸದಸ್ಯರಿಗೆ ಮೋಸ ಆಗುವುದಿಲ್ಲ, ಅವರು 20ಕ್ಕೆ ಸಿದ್ಧರಾಗಿಯೇ ಬಾರದೆ ಉಳಿದಿದ್ದಾರೆ. 30 ಅಂತ ಗೊತ್ತಿದ್ದರೆ ಬಂದು ವಿರೋಧ ಮಾಡುತ್ತಿದ್ದರೇನೋ. 30 ಬೇಕಾದರೆ ಮತ್ತೊಂದು ನೋಟಿಸು, ಮತ್ತೊಂದು ಸಭೆ. ಇದನ್ನೂ ಆ ವಿಷಯದ ಕೆಳಗೆ ಒಂದು ಸಾಲಿನಲ್ಲಿ ಹಾಕಿಬಿಡಿ.

"ಅಗತ್ಯವಿದ್ದರೆ ಗುಪ್ತ ಮತದಾನ" ಎಂದಿದೆಯಲ್ಲ, ಅಗತ್ಯ ಇದೆ ಎಂದು ಹೇಳುವವರು ಯಾರು? ಚುನಾವಣೆಗೆ ಚೀಟಿ, ತಿದ್ದುಪಡಿಗೆ ಕಾರ್ಡ್ ಎತ್ತಿ ಎಣಿಕೆ, ಉಳಿದದ್ದಕ್ಕೆ ಕೈ ಎತ್ತುವುದು ಎಂದು ವಿಷಯದ ಪಕ್ಕದಲ್ಲೇ ಬರೆಯಿರಿ. ಕಾರ್ಡನ್ನು ಮತದಾರರ ಕಾಲಂನಲ್ಲಿ ಸಹಿ ಹಾಕಿದವರಿಗೆ ಮಾತ್ರ ಕೊಡಿ. ಬಾಕಿದಾರರ ಕೈಯನ್ನು ಗುಂಪಿನಲ್ಲಿ ಗುರುತಿಸುವ ಕೆಲಸ ತಪ್ಪುತ್ತದೆ. ಬದಲಿ ಮತ, ಅಂದರೆ ಪ್ರಾಕ್ಸಿ, ನಿಮ್ಮ ಬೈಲಾದಲ್ಲಿ ಇದೆಯಾ?

ಹೊಸ ಕಾರ್ಯದರ್ಶಿ

ಎಲ್ಲೂ ಇಲ್ಲ ಸರ್. ಆದರೆ ಪ್ರತಿ ವರ್ಷ ಒಬ್ಬಿಬ್ಬರು ಮನೆಯವರ ಪತ್ರ ಹಿಡಿದು ಬರುತ್ತಾರೆ.

ಹಳೇ ದಫ್ತರ

ಹಾಗಾದರೆ "ಖುದ್ದು ಹಾಜರಿರುವ ಸದಸ್ಯರು ಮಾತ್ರ ಮತ ಹಾಕಬಹುದು, ಅಧಿಕಾರ ಪತ್ರಕ್ಕೆ ಅವಕಾಶ ಇಲ್ಲ" ಎಂದು ಸ್ಪಷ್ಟವಾಗಿ ಹಾಕಿ. ಅವರು ಮನೆಯಿಂದ ಹೊರಡುವ ಮೊದಲೇ ಗೊತ್ತಾಗಲಿ. ಹಾಕುವ ಮುಂಚೆ ಕಾಯ್ದೆಯಲ್ಲಿ ಅಂಥ ಹಕ್ಕು ಕೊಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಕೊನೆಯದಾಗಿ ದಿನಾಂಕ. 14 ಪೂರ್ಣ ದಿನ ಅಂದರೆ ಕಳಿಸಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. 1ನೇ ತಾರೀಖು ಕಳಿಸಿ 15ಕ್ಕೆ ಸಭೆ ಇಟ್ಟರೆ ನಡುವೆ ಉಳಿಯುವುದು 2ರಿಂದ 14, ಹದಿಮೂರೇ ದಿನ. ಒಂದು ದಿನ ಕಡಿಮೆ. ಕೋರಂ ಇದ್ದರೂ ಎಲ್ಲರೂ ಒಪ್ಪಿದರೂ ಇದೊಂದೇ ಕಾರಣಕ್ಕೆ ಸಭೆಯನ್ನು ಪ್ರಶ್ನಿಸಬಹುದು. ಅಂಚೆಯಲ್ಲಿ ಹೋಗುವ ಪ್ರತಿಗಳಿದ್ದರೆ ಇನ್ನೂ ಮೂರ್ನಾಲ್ಕು ದಿನ ಮುಂಚೆ ಹಾಕಿ.

ಹೊಸ ಕಾರ್ಯದರ್ಶಿ

ಸಭೆಯನ್ನು 22ರ ಭಾನುವಾರಕ್ಕೆ ಹಾಕಿದ್ದೇನೆ, ನೋಟಿಸು 1ಕ್ಕೇ ಹೋಗುತ್ತದೆ. ಮತ ಮತ್ತು ಕೋರಂ ಭಾಗ ಈಗ ಹೀಗಿದೆ. ನೋಡಿ ಹೇಳಿ.

> ಕೋರಂ: ನೋಟಿಸಿನ ದಿನ ಸದಸ್ಯರ ಪುಸ್ತಕದಲ್ಲಿರುವ 187 ಸದಸ್ಯರ ನಾಲ್ಕನೇ ಒಂದು ಭಾಗ, ಅಂದರೆ 47 ಸದಸ್ಯರು. 10:30ರೊಳಗೆ ಕೋರಂ ಆಗದಿದ್ದರೆ ಸಭೆಯನ್ನು ಅದೇ ದಿನ, ಅದೇ ಜಾಗದಲ್ಲಿ 10:45ಕ್ಕೆ ಮುಂದೂಡಲಾಗುವುದು. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಅಲ್ಲಿ ವಿಷಯ 1, 2, 3 ಮತ್ತು 5ನ್ನು ಮಾತ್ರ ತೀರ್ಮಾನಿಸಲಾಗುವುದು. ವಿಷಯ 4ನ್ನು (ಬೈಲಾ ತಿದ್ದುಪಡಿ) ತೆಗೆದುಕೊಳ್ಳುವುದಿಲ್ಲ.
>
> ಮತ: ವಂತಿಗೆ ಬಾಕಿ ಇಲ್ಲದೆ ಖುದ್ದು ಹಾಜರಿರುವ ಸದಸ್ಯರಿಗೆ ತಲಾ ಒಂದು ಮತ. ಅಧಿಕಾರ ಪತ್ರಕ್ಕೆ ಅವಕಾಶ ಇಲ್ಲ. ವಿಷಯ 1, 2, 3: ಕೈ ಎತ್ತಿ, ಪರ ಮತಗಳು ವಿರುದ್ಧ ಮತಗಳಿಗಿಂತ ಹೆಚ್ಚಿರಬೇಕು. ವಿಷಯ 4: ಕಾರ್ಡ್ ಎತ್ತಿ ಎಣಿಕೆ, ಪರ ಮತಗಳು ವಿರುದ್ಧ ಮತಗಳ ಎರಡರಷ್ಟಾದರೂ ಇರಬೇಕು. ವಿಷಯ 5 (ಚುನಾವಣೆ): ಗುಪ್ತ ಚೀಟಿ. ತಟಸ್ಥರಾದವರನ್ನು ಯಾವ ಕಡೆಗೂ ಎಣಿಸುವುದಿಲ್ಲ.
>
> ವಿಷಯ 6 (ಸದಸ್ಯರ ಪ್ರಶ್ನೆ ಮತ್ತು ಸಲಹೆಗಳು): ಯಾವ ಠರಾವನ್ನೂ ಮತಕ್ಕೆ ಹಾಕುವುದಿಲ್ಲ.

ಗಡಿಬಿಡಿ

10:30ಕ್ಕೂ 10:45ಕ್ಕೂ ನಡುವೆ ಇನ್ನೂ ಹತ್ತು ಜನ ಬಂದು 47 ಆಗಿಬಿಟ್ಟರೆ? ಆಗಲೂ ವಂತಿಗೆ ವಿಷಯ ತೆಗೆದುಕೊಳ್ಳಬಾರದಾ?

ಹಳೇ ದಫ್ತರ

ಇದು ಒಳ್ಳೆಯ ಹಿಡಿತ! ಬೈಲಾ ತಿದ್ದುಪಡಿಗೆ ಅನ್ವಯಿಸದು ಎಂದಿರುವುದು ಕೋರಂ ಇಲ್ಲದೆ ನಡೆಸುವ ವಿನಾಯಿತಿ ಮಾತ್ರ. ಮುಂದೂಡಿದ ಸಭೆಯಲ್ಲೇ ಕೋರಂ ಬಂದರೆ ತೆಗೆದುಕೊಳ್ಳಲು ಅಡ್ಡಿ ಇಲ್ಲ ಎಂದು ನನಗೆ ಅನಿಸುತ್ತದೆ. ಆದರೆ ಈಗಿನ ಕರಡಿನಲ್ಲಿ "ತೆಗೆದುಕೊಳ್ಳುವುದಿಲ್ಲ" ಎಂದು ಖಂಡಿತವಾಗಿ ಹೇಳಿದ್ದೀರಿ. ಅದನ್ನು ಓದಿ 10:30ಕ್ಕೆ ಯಾರಾದರೂ ಮನೆಗೆ ಹೋಗಿದ್ದರೆ ಆಮೇಲೆ ಮತಕ್ಕೆ ಹಾಕುವುದು ತಪ್ಪಾಗುತ್ತದೆ. ಸಾಲನ್ನು ಹೀಗೆ ಮಾಡಿ: "ಮತದ ಹೊತ್ತಿಗೆ 47 ಸದಸ್ಯರು ಹಾಜರಿದ್ದರೆ ಮಾತ್ರ ವಿಷಯ 4ನ್ನು ತೆಗೆದುಕೊಳ್ಳಲಾಗುವುದು."

ಚುಕ್ಕಿ ಗೆರೆ

ಈ ಸಾಲು ಹಾಕಿದರೆ ಮೂಲ ಸಭೆಗೂ ಮುಂದೂಡಿದ ಸಭೆಗೂ ಒಟ್ಟಿಗೆ ಆಗುತ್ತದೆ, ಒಳ್ಳೆಯದು. ಬಾಕಿದಾರರು ಆ 47ಕ್ಕೆ ಸೇರುತ್ತಾರೆ ಅನ್ನುವ ನನ್ನ ಮಾತಿಗೆ ನಾನು ಈಗಲೂ ಅಂಟಿಕೊಂಡಿದ್ದೇನೆ, ದಫ್ತರದವರು ಒಪ್ಪದಿದ್ದರೂ ಪರವಾಗಿಲ್ಲ. ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದರೆ ಏನು ಅನ್ನುವುದು ಇದರಲ್ಲಿ ಇಲ್ಲ. ಬೈಲಾದಲ್ಲಿ ಅದಕ್ಕೆ ಏನಾದರೂ ಇದೆಯಾ ಮೇಡಂ?

ಹೊಸ ಕಾರ್ಯದರ್ಶಿ

ಚೀಟಿ ಎತ್ತಬೇಕು ಎಂದಿದೆ. ಅದನ್ನು ವಿಷಯ 5ರ ಕೆಳಗೆ ಸೇರಿಸಿ, 47ರ ಸಾಲನ್ನೂ ಬದಲಿಸಿ, ಇವತ್ತು ಸಂಜೆ ಸಮಿತಿಯ ಮುಂದೆ ಇಡುತ್ತೇನೆ.